60 ಮೇಲ್ ಕಳಿಸಿದರೂ ಒಂದು ಉತ್ತರ ಬರಲಿಲ್ಲ

ಹೆಸರು, ಊರು ಎರಡನ್ನೂ ಬದಲಿಸಿದ್ದೇನೆ. ಕೆಲಸ ಹುಡುಕಲು ಸಲಹೆ ಕೇಳಿ ನನ್ನ ಬಳಿ ಬಂದ ಇವರನ್ನು ಮಂಜುನಾಥ್ ಎಂದು ಕರೆಯೋಣ. ವಯಸ್ಸು 27, ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ತುಮಕೂರಿನ ಹತ್ತಿರ ಒಂದು ಸಿಎನ್‌ಸಿ ಘಟಕದಲ್ಲಿ ನಾಲ್ಕು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಪೀಣ್ಯದ ಕಡೆ ಕೆಲಸ ಬೇಕೆಂದು ಮೂರು ತಿಂಗಳಲ್ಲಿ 60 ಮ್ಯಾನೇಜರ್‌ಗಳಿಗೆ ಮೇಲ್ ಕಳಿಸಿದ್ದರು. ಯಾರೂ ಉತ್ತರ ಕೊಟ್ಟಿರಲಿಲ್ಲ. "ಮೇಡಂ, ನನ್ನಲ್ಲೇ ಏನೋ ಕಮ್ಮಿ ಇರಬೇಕು" ಎಂದು ತಲೆ ತಗ್ಗಿಸಿ ಕೂತರು.

ಆ ಮೇಲ್ ತೋರಿಸಿ ಎಂದೆ. ವಿಷಯದ ಸಾಲಿನಲ್ಲಿ ಬರೀ 'ಕೆಲಸಕ್ಕೆ ಅರ್ಜಿ' ಎಂದಿತ್ತು. ಒಳಗೆ 300ಕ್ಕೂ ಜಾಸ್ತಿ ಪದ. ತಾನು ಶ್ರಮಜೀವಿ, ಬೇಗ ಕಲಿಯುತ್ತೇನೆ, ನಿಮ್ಮ ಹೆಸರಾಂತ ಸಂಸ್ಥೆಯಲ್ಲಿ ಅವಕಾಶ ಕೊಡಿ, ಇಂಥವೇ ಸಾಲುಗಳು. ಎಲ್ಲರಿಗೂ ಒಂದೇ ಪ್ರತಿ ಹೋಗಿತ್ತು. ಮ್ಯಾನೇಜರ್ ಇದನ್ನು ಶಾಪ್ ಫ್ಲೋರ್‌ನಲ್ಲಿ ನಿಂತು, ಮೊಬೈಲ್‌ನಲ್ಲಿ ನೋಡುತ್ತಾರೆ. ಅವರ ಕಣ್ಣಿಗೆ ಮೊದಲು ಬೀಳುವುದು ವಿಷಯದ ಸಾಲು, ಮೊದಲ ಅರ್ಧ ವಾಕ್ಯ. ಅಷ್ಟರಲ್ಲಿ ಮಂಜುನಾಥ್ ಯಾರು, ಏನು ಬಲ್ಲರು ಎಂಬುದು ಎಲ್ಲೂ ಇರಲಿಲ್ಲ. ಅವರಲ್ಲಿ ಏನೂ ಕಮ್ಮಿ ಇರಲಿಲ್ಲ. ಇದ್ದದ್ದು ಮೇಲ್‌ಗೆ ಬಂದಿರಲಿಲ್ಲ, ಅಷ್ಟೇ.

"ನೀವು ಮಾಡಿದ ಒಂದು ಕೆಲಸ ಹೇಳಿ" ಎಂದೆ.

"ರಿಜೆಕ್ಷನ್ ಕಡಿಮೆ ಮಾಡಿದ್ದೀನಿ ಮೇಡಂ."

"ಯಾವ ಪೀಸ್? ಎಷ್ಟಿತ್ತು, ಎಷ್ಟಾಯ್ತು? ನೀವು ಮಾಡಿದ್ದೇನು?"

ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು. ಒಂದು ಹೈಡ್ರಾಲಿಕ್ ವಾಲ್ವ್ ಬಾಡಿ. ಟೂಲ್‌ನ ಕತ್ತರಿಸುವ ತುದಿಯಾದ ಇನ್ಸರ್ಟ್ ಸವೆದಂತೆ ಬೋರ್, ಅಂದರೆ ಒಳಗೆ ಕೊರೆದ ರಂಧ್ರ, ಸಣ್ಣದಾಗುತ್ತಿತ್ತು. ಶಿಫ್ಟ್ ಮುಗಿಯುವಾಗ ಒಮ್ಮೆ ಮಾತ್ರ ಅಳೆಯುತ್ತಿದ್ದರಿಂದ ತಪ್ಪು ತಡವಾಗಿ ಗೊತ್ತಾಗುತ್ತಿತ್ತು. ಇವರು ಪ್ರತಿ 25 ಪೀಸ್‌ಗೆ ಬೋರ್ ಗೇಜ್ ಹಾಕಿ ಬರೆದಿಡಲು ಶುರು ಮಾಡಿದರು. ನಾಲ್ಕು ತಿಂಗಳಲ್ಲಿ 1000ಕ್ಕೆ 38 ಇದ್ದ ರಿಜೆಕ್ಷನ್ 11ಕ್ಕೆ ಇಳಿಯಿತು. ಇದನ್ನು ಕೇಳಿದಾಗ ನನಗೆ ನಿಜವಾಗಿಯೂ ಖುಷಿಯಾಯಿತು.

ಆದರೆ ಎರಡು ಕಡೆ ತಡೆದೆ. 'ನಾನೇ ಇಳಿಸಿದೆ' ಎಂದು ಬರೆಯಲು ಹೊರಟಿದ್ದರು. ಟೂಲ್ ಬದಲಿಸಿದ್ದು ಆಪರೇಟರ್, ಹಾಗಾಗಿ 'ಆಪರೇಟರ್ ಜೊತೆ ಸೇರಿ' ಎಂದು ಬರೆಸಿದೆ. ಇಂಟರ್‌ವ್ಯೂನಲ್ಲಿ ಕೆದಕಿ ಕೇಳಿದರೆ ಸುಳ್ಳು ನಿಲ್ಲುವುದಿಲ್ಲ. ಇನ್ನೊಂದು, ಗಿರಾಕಿ ಕಂಪನಿಯ ಹೆಸರು, ಡ್ರಾಯಿಂಗ್ ನಂಬರ್ ಹಾಕಬಾರದು. ಈಗಿನ ಕಂಪನಿಯ ಗುಟ್ಟು ಬಿಟ್ಟುಕೊಡುವವರನ್ನು ಮುಂದಿನ ಕಂಪನಿ ಹೇಗೆ ನಂಬುತ್ತದೆ? ಮೇಲ್ ಕೂಡ ಆಫೀಸ್ ಐಡಿಯಿಂದ ಬೇಡ, ಸ್ವಂತ ಐಡಿಯಿಂದ ಹೋಗಲಿ ಎಂದೆ.

60ರಲ್ಲಿ ಐದನ್ನು ಆರಿಸಲು ಹೇಳಿದೆ. ಹೈಡ್ರಾಲಿಕ್ ಭಾಗ ಮಾಡುವವರು, ಇತ್ತೀಚೆಗೆ ಇನ್‌ಸ್ಪೆಕ್ಷನ್‌ಗೆ ಜಾಹೀರಾತು ಕೊಟ್ಟವರು ಮಾತ್ರ. ಒಂದು ಜಾಹೀರಾತಿನಲ್ಲಿ ಎರಡನೇ ಶಿಫ್ಟ್ ಎಂದಿತ್ತು. ಇವರಿಗೆ ಅದು ಒಗ್ಗುತ್ತಿತ್ತು. ಇಂಗ್ಲಿಷ್‌ನಲ್ಲಿ ಬರೆದ ಮೇಲ್‌ನ ಕನ್ನಡ ರೂಪ ಹೀಗಿದೆ:

> ವಿಷಯ: ವಾಲ್ವ್ ಬಾಡಿ ಇನ್‌ಸ್ಪೆಕ್ಷನ್, 4 ವರ್ಷ ಅನುಭವ, ಎರಡನೇ ಶಿಫ್ಟ್‌ಗೆ ಸಿದ್ಧ
>
> ನಮಸ್ಕಾರ ಸರ್. ನೀವು ಎರಡನೇ ಶಿಫ್ಟ್‌ಗೆ ಲೈನ್ ಇನ್‌ಸ್ಪೆಕ್ಟರ್ ಹುಡುಕುತ್ತಿರುವುದನ್ನು ನೋಡಿದೆ. ನಾನು ಹೈಡ್ರಾಲಿಕ್ ವಾಲ್ವ್ ಬಾಡಿಗಳ ಇನ್‌ಸ್ಪೆಕ್ಷನ್ ಮಾಡುತ್ತಿದ್ದೇನೆ. ಪ್ರತಿ 25 ಪೀಸ್‌ಗೆ ಬೋರ್ ಅಳೆದು ದಾಖಲಿಸಿ, ಆಪರೇಟರ್ ಜೊತೆ ಸೇರಿ ರಿಜೆಕ್ಷನ್ ಅನ್ನು ನಾಲ್ಕು ತಿಂಗಳಲ್ಲಿ 1000ಕ್ಕೆ 38ರಿಂದ 11ಕ್ಕೆ ಇಳಿಸಿದೆವು. ಈ ವಾರ ಹತ್ತು ನಿಮಿಷ ಫೋನ್‌ನಲ್ಲಿ ಮಾತಾಡಬಹುದೇ? ಒಂದು ಪುಟದ ರೆಸ್ಯೂಮೆ ಜೊತೆಗಿದೆ.

ಕೆಳಗೆ ಹೆಸರು, ಫೋನ್ ನಂಬರ್. 'ಕೆಲಸ ಕೊಡಿ' ಎಂದು ಕೇಳಲಿಲ್ಲ, ಹತ್ತು ನಿಮಿಷ ಕೇಳಿದರು. ಅದಕ್ಕೆ ಹೂಂ ಎನ್ನುವುದು ಸುಲಭ. ಕಂಪನಿ ಬದಲಾದಾಗ ಮೊದಲ ವಾಕ್ಯವನ್ನೂ ವಿಷಯದ ಸಾಲನ್ನೂ ಹೊಸದಾಗಿ ಬರೆಯಬೇಕು. ಅದು ಆಗದಿದ್ದರೆ ಆ ಕಂಪನಿಯ ಬಗ್ಗೆ ಇನ್ನೂ ಸಾಕಷ್ಟು ಗೊತ್ತಿಲ್ಲ ಎಂದರ್ಥ.

ಒಂದು ಮೇಲ್ ವಿಳಾಸ ತಪ್ಪಾಗಿ ವಾಪಸ್ ಬಂತು. ಎರಡಕ್ಕೆ ಉತ್ತರವಿಲ್ಲ. ವಾರದ ನಂತರ ಅದೇ ಮೇಲ್‌ನ ಕೆಳಗೆ ಎರಡು ಸಾಲು ನೆನಪಿಸಿ, ಆಮೇಲೆ ಬಿಟ್ಟುಬಿಡಿ ಎಂದಿದ್ದೆ. ಖಾಲಿ ಜಾಗವೇ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಆಗುವುದಿಲ್ಲ. ನಾಲ್ಕನೆಯವರು 'ಎಚ್‌ಆರ್‌ಗೆ ಕಳಿಸಿ' ಎಂದಷ್ಟೇ ಬರೆದರು. ಮಂಜುನಾಥ್ ಅದನ್ನು ತಿರಸ್ಕಾರ ಎಂದುಕೊಂಡು ಬೇಜಾರಾಗಿದ್ದರು. ಅಲ್ಲ, ಅದು ದಾರಿ. 'ಕ್ವಾಲಿಟಿ ಮ್ಯಾನೇಜರ್ ಅವರು ನಿಮಗೆ ಕಳಿಸಲು ಹೇಳಿದರು' ಎಂದು ಮೊದಲ ಸಾಲಿನಲ್ಲೇ ಬರೆದು ಎಚ್‌ಆರ್‌ಗೆ ಕಳಿಸಿ, ಮ್ಯಾನೇಜರ್‌ಗೆ ಅದರ ಪ್ರತಿ ಹಾಕಿ ಎಂದೆ.

ಐದನೆಯವರು, ಆ ಎರಡನೇ ಶಿಫ್ಟ್‌ನವರು, ಮರುದಿನವೇ ಫೋನ್ ಮಾಡಿದರು. ಅವರ ಮೊದಲ ಪ್ರಶ್ನೆ: "25ಕ್ಕೇ ಯಾಕೆ ಅಳೀತಿದ್ರಿ, 50ಕ್ಕೆ ಯಾಕಲ್ಲ?" ನೂರೈವತ್ತು ಪೀಸ್ ದಾಟಿದ ಮೇಲೆ ಅಳತೆ ಬೇಗ ಜಾರುತ್ತಿತ್ತು, 50 ಬಿಟ್ಟರೆ ಅಷ್ಟರಲ್ಲಿ ಮಿತಿ ಮೀರುತ್ತಿತ್ತು ಎಂದು ಮಂಜುನಾಥ್ ವಿವರಿಸಿದರು. ಶನಿವಾರ ಬನ್ನಿ ಎಂದು ಕರೆದರಂತೆ.