ಚಿಕ್ಕಿಯ ತುಂಡಿಗೆ ಎಷ್ಟು ಕ್ಯಾಲೊರಿ?

“ಶೇಂಗಾ ಚಿಕ್ಕಿಯ ಒಟ್ಟು ಕ್ಯಾಲೊರಿಯನ್ನು ತುಂಡುಗಳ ಸಂಖ್ಯೆಯಿಂದ ಭಾಗಿಸಿದರೆ ಸಾಕೇ?”

ತುಂಡುಗಳೆಲ್ಲ ಸಮತೂಕದಲ್ಲಿದ್ದರೆ ಮಾತ್ರ ಸಾಕು. ಕೈಯಿಂದ ಕತ್ತರಿಸಿದ ಚಿಕ್ಕಿಯಲ್ಲಿ ಅದು ಅಪರೂಪ. ಹುರಿದು ಸಿಪ್ಪೆ ತೆಗೆದ ಮೇಲೆ ತೂಗಿದ 250 ಗ್ರಾಂ ಶೇಂಗಾದಿಂದ ಸುಮಾರು 1450, 200 ಗ್ರಾಂ ಬೆಲ್ಲದಿಂದ 760, 10 ಗ್ರಾಂ ತುಪ್ಪದಿಂದ 90, ಹೀಗೆ ಒಟ್ಟು 2300 ಕಿಲೊಕ್ಯಾಲೊರಿ ಆಗುತ್ತದೆ. ಆರಿದ ಚಿಕ್ಕಿಯನ್ನು ಒಟ್ಟಾಗಿ ತೂಗಿದಾಗ 440 ಗ್ರಾಂ ಬಂದರೆ, ಗ್ರಾಂಗೆ ಸುಮಾರು 5.2 ಎಂದು ಹಿಡಿದು ಪ್ರತಿ ತುಂಡಿನ ತೂಕದಿಂದ ಗುಣಿಸಬೇಕು. 24 ತುಂಡುಗಳಿಗೆ ಸರಾಸರಿ 96 ಬಂದರೂ, 14 ಗ್ರಾಂ ತುಂಡಿನಲ್ಲಿ 73, 24 ಗ್ರಾಂ ತುಂಡಿನಲ್ಲಿ 125 ಇರುತ್ತದೆ.

ಪಾಕದಿಂದ ಆವಿಯಾದ ನೀರು ತೂಕವನ್ನಷ್ಟೇ ಇಳಿಸುತ್ತದೆ, ಕ್ಯಾಲೊರಿಯನ್ನಲ್ಲ. ಬಾಣಲೆಗೆ ಅಂಟಿ ಉಳಿದ ಪಾಕವಾದರೋ ಎರಡನ್ನೂ ಕಳೆಯುತ್ತದೆ. ಅದು ಹೆಚ್ಚಾಗಿದ್ದರೆ ಕೆರೆದು ತೂಗಿ, ಅದರ ಪಾಲನ್ನು ಒಟ್ಟು ಮೊತ್ತದಿಂದ ಕಳೆಯಿರಿ.