ಕೀಮೋ ಮಾತ್ರೆ ಮತ್ತು ಅಂಗೈ ಉರಿ

ಅಮ್ಮನಿಗೆ ಕೆಪೆಸಿಟಬಿನ್ ಮಾತ್ರೆ ಶುರುವಾದ ಮೇಲೆ ಅಂಗೈ, ಅಂಗಾಲು ಉರಿದು ಸಿಪ್ಪೆ ಏಳ್ತಿದೆ. ಡಾಕ್ಟರಿಗೆ ಯಾವಾಗ ಹೇಳಬೇಕು?

ಇವತ್ತೇ ಫೋನ್ ಮಾಡಿ, ಮುಂದಿನ ಭೇಟಿಯವರೆಗೆ ಕಾಯಬೇಡಿ. ಈ ಔಷಧಿ ಕ್ಯಾನ್ಸರ್ ಕೋಶಗಳ ಜೊತೆಗೆ, ಬೇಗ ಬೇಗ ಹುಟ್ಟುವ ಚರ್ಮದ ಕೋಶಗಳನ್ನೂ ಹೊಡೆಯುತ್ತದೆ. ಒತ್ತಡ, ಉಜ್ಜಾಟ, ಬಿಸಿ ತಾಗುವ ಕಡೆ ಪೆಟ್ಟು ಜಾಸ್ತಿ.

ಬರೀ ಕೆಂಪಾಗಿ ಜುಮುಗುಟ್ಟಿದರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಸುತ್ತಾರೆ. ಗುಳ್ಳೆ ಎದ್ದರೆ, ರೊಟ್ಟಿ ತಟ್ಟಲು, ನಡೆಯಲು ನೋವಾದರೆ ಕೆಲವು ದಿನ ನಿಲ್ಲಿಸುತ್ತಾರೆ, ಬೇಕಿದ್ದರೆ ಡೋಸ್ ಇಳಿಸುತ್ತಾರೆ. ಅದಕ್ಕೇ ಸುಮ್ನೆ ‘ಉರಿ ಇದೆ’ ಅನ್ನಬೇಡಿ, ಯಾವ ಕೆಲಸ ಮಾಡಲಾಗುತ್ತಿಲ್ಲ ಅಂತ ಬಿಡಿಸಿ ಹೇಳಿ.

ಎದ್ದ ಸಿಪ್ಪೆಯನ್ನು ಕೀಳಬೇಡಿ. ಕೀವು ಕಂಡರೆ ಅಥವಾ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.