ಒಂದು ವಾಕ್ಯಕ್ಕೆ ಎರಡು ಕೊಂಡಿ: ‘ಬಂದರೂ ಆದರೆ’, ‘ಬಂದಿದ್ದರಿಂದ ಆದ್ದರಿಂದ’

ಪ್ರಶ್ನೆ: ಕೆಲಸದ ವರದಿಗಳನ್ನು ಕನ್ನಡದಲ್ಲಿ ಬರೆಯುತ್ತೇನೆ. ‘ಬಂದರೂ’ ಎಂದು ಬರೆದ ಮೇಲೆ ಮತ್ತೆ ‘ಆದರೆ’, ‘ಇದ್ದುದರಿಂದ’ ಎಂದ ಮೇಲೆ ಮತ್ತೆ ‘ಆದ್ದರಿಂದ’ ಬರೆಯುತ್ತೇನೆ ಎಂದು ತಿದ್ದುವವರು ಹೇಳುತ್ತಾರೆ. ಬರೆಯುವಾಗ ನನಗೆ ಅದು ಗೊತ್ತೇ ಆಗುವುದಿಲ್ಲ. ಎರಡರಲ್ಲಿ ಯಾವುದನ್ನು ತೆಗೆಯಬೇಕು? ಇಂಗ್ಲಿಷಿನಲ್ಲೂ ಆಲ್ದೋ ಜೊತೆ ಬಟ್ ಸೇರಿಸುತ್ತೇನಂತೆ. ಎರಡೂ ಒಂದೇ ತಪ್ಪೇ?

ಉತ್ತರ: ಮೊದಲು ಈ ಪದಗಳನ್ನು ಬಿಡಿಸಿ ನೋಡೋಣ. ‘ಬಂದರೆ’ ಎಂಬುದಕ್ಕೆ ‘ಊ’ ಸೇರಿದಾಗ ‘ಬಂದರೂ’ ಆಗುತ್ತದೆ. ‘ಆದರೆ’, ‘ಆದರೂ’ ಎಂಬ ಪದಗಳು ಹುಟ್ಟಿದ್ದೂ ಇದೇ ದಾರಿಯಲ್ಲಿ: ‘ಆಗು’ ಧಾತುವಿಗೆ ಅದೇ ‘ರೆ’, ಅದೇ ‘ರೂ’. ‘ಆದ್ದರಿಂದ’ ಎಂದರೆ ‘ಆದುದು’ ಎಂಬುದಕ್ಕೆ ‘ಇಂದ’ ಸೇರಿದ ರೂಪ. ‘ಬಂದಿದ್ದರಿಂದ’ ಎಂಬಲ್ಲಿ ಇರುವುದೂ ಅದೇ ‘ಇಂದ’. ಹೀಗಾಗಿ ‘ಜ್ವರ ಬಂದಿದ್ದರಿಂದ ಆದ್ದರಿಂದ ಅವನು ಹೋಗಲಿಲ್ಲ’ ಎಂದು ಬರೆದಾಗ ಒಂದೇ ಪ್ರತ್ಯಯ ಎರಡು ಬಾರಿ ಬರುತ್ತದೆ. ಈ ಸಂಬಂಧವನ್ನು ಕಿವಿ ಒಮ್ಮೆ ಹಿಡಿದರೆ ನಿಮ್ಮ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಕನ್ನಡದಲ್ಲಿ ಎರಡು ಮಾತುಗಳನ್ನು ಜೋಡಿಸಲು ಎರಡು ದಾರಿಗಳಿವೆ. ಮೊದಲ ಮಾತಿನ ಕ್ರಿಯಾಪದವನ್ನೇ ಬದಲಿಸಿ ಅದನ್ನು ಅಪೂರ್ಣವಾಗಿ ನಿಲ್ಲಿಸುವುದು ಒಂದು ದಾರಿ: ‘ಮಳೆ ಬಂದರೂ ಪಂದ್ಯ ನಡೆಯಿತು’. ಶಾಲೆಯ ವ್ಯಾಕರಣ ಇದನ್ನು ಮಿಶ್ರ ವಾಕ್ಯ ಎನ್ನುತ್ತದೆ. ಮೊದಲ ಮಾತನ್ನು ಪೂರ್ತಿ ಮುಗಿಸಿ, ಆಮೇಲೆ ಪ್ರತ್ಯೇಕ ಪದದಿಂದ ಎರಡನೆಯದನ್ನು ಜೋಡಿಸುವುದು ಇನ್ನೊಂದು ದಾರಿ: ‘ಮಳೆ ಬಂತು, ಆದರೆ ಪಂದ್ಯ ನಡೆಯಿತು’. ಇದು ಸಂಯೋಜಿತ ವಾಕ್ಯ. ‘ಮಳೆ ಬಂದರೂ, ಆದರೆ ಪಂದ್ಯ ನಡೆಯಿತು’ ಎಂಬುದು ಮಿಶ್ರ ವಾಕ್ಯವಾಗಿ ಹೊರಟು ನಡುದಾರಿಯಲ್ಲಿ ಸಂಯೋಜಿತ ವಾಕ್ಯಕ್ಕೆ ಹಾರುತ್ತದೆ. ಓದುಗನಿಗೆ ಅರ್ಥವೇನೋ ಆಗುತ್ತದೆ. ಆದರೆ ‘ಬಂದರೂ’ ಹುಟ್ಟಿಸಿದ ನಿರೀಕ್ಷೆ ಪೂರೈಸುವ ಮೊದಲೇ ಹೊಸದೊಂದು ನಿರೀಕ್ಷೆ ಎದುರಾಗುತ್ತದೆ, ಕಣ್ಣು ಹಿಂದಕ್ಕೆ ಹೋಗಿ ಮತ್ತೆ ಓದುತ್ತದೆ.

ಪತ್ತೆ ಮಾಡುವ ಕ್ರಮ ಸರಳ. ಬರೆದು ಮುಗಿಸಿದ ಮೇಲೆ ‘ಆದರೆ’, ‘ಆದರೂ’, ‘ಆದ್ದರಿಂದ’, ‘ಹೀಗಾಗಿ’ ಎಂಬ ಪದಗಳನ್ನು ಒಂದೊಂದಾಗಿ ಹುಡುಕಿ, ಪ್ರತಿಯೊಂದರ ಎಡಕ್ಕಿರುವ ಕ್ರಿಯಾಪದವನ್ನು ನೋಡಿ. ಅದರ ಮುಂದೆ ಪೂರ್ಣವಿರಾಮ ಇಟ್ಟರೆ ಮಾತು ಮುಗಿದಂತೆ ಕೇಳಿಸಿದರೆ (ಬಂತು, ಇದೆ, ಮುಗಿಸಿದರು) ಕೊಂಡಿಪದ ಸರಿಯಾದ ಜಾಗದಲ್ಲಿದೆ. ‘ರೂ’ ಅಥವಾ ‘ರಿಂದ’ ಎಂದು ಕೊನೆಗೊಂಡು ಮಾತು ನೇತಾಡುತ್ತಿದ್ದರೆ ಎರಡರಲ್ಲಿ ಒಂದು ಹೋಗಬೇಕು.

ಇಲ್ಲೊಂದು ಸೂಕ್ಷ್ಮವಿದೆ. ‘ಅವರು ಕೆಲಸ ಮುಗಿಸಿದರೂ, ಆದರೆ ವರದಿ ಕೊಡಲಿಲ್ಲ’ ಎಂಬಂಥ ವಾಕ್ಯಗಳಲ್ಲಿ ಎಷ್ಟೋ ಸಲ ತಪ್ಪು ಇರುವುದು ಒಂದು ದೀರ್ಘದಲ್ಲಿ ಮಾತ್ರ. ಬರೆದವರ ಮನಸ್ಸಿನಲ್ಲಿದ್ದದ್ದು ‘ಮುಗಿಸಿದರು’ ಎಂಬ ಬಹುವಚನದ ಪೂರ್ಣ ಕ್ರಿಯಾಪದ. ಬೆರಳು ಒತ್ತಿದ್ದು ‘ಮುಗಿಸಿದರೂ’ ಎಂದು. ಅಲ್ಲಿ ‘ಆದರೆ’ಯನ್ನು ಕಿತ್ತುಹಾಕುವ ಅಗತ್ಯವಿಲ್ಲ, ದೀರ್ಘವನ್ನು ಹ್ರಸ್ವ ಮಾಡಿದರೆ ಸಾಕು. ಕರ್ತೃ ‘ಅವರು’, ‘ನೌಕರರು’, ‘ವೈದ್ಯರು’ ಎಂದಿದ್ದಾಗಲೆಲ್ಲ ಮೊದಲು ಈ ಅನುಮಾನ ಪಡಿ. ‘ಮಳೆ ಬಂದರೂ’ ಎಂಬಲ್ಲಿ ಈ ಗೊಂದಲ ಬರುವಂತಿಲ್ಲ, ಏಕೆಂದರೆ ಮಳೆ ‘ಬಂದರು’ ಎಂದು ಯಾರೂ ಬರೆಯುವುದಿಲ್ಲ.

ಯಾವುದನ್ನು ತೆಗೆಯಬೇಕು ಎಂಬುದಕ್ಕೆ ಕಣ್ಣುಮುಚ್ಚಿ ಅನುಸರಿಸಬಹುದಾದ ನಿಯಮವಿಲ್ಲ, ಏಕೆಂದರೆ ಎರಡು ದಾರಿಗಳ ತೂಕ ಒಂದೇ ಅಲ್ಲ. ‘ಹಣ ಬಂದರೂ ಕೆಲಸ ಶುರುವಾಗಲಿಲ್ಲ’ ಎಂದಾಗ ಹಣದ ವಿಷಯ ಹಿನ್ನೆಲೆಗೆ ಸರಿದು, ಶುರುವಾಗದ ಕೆಲಸ ಮುಂದೆ ನಿಲ್ಲುತ್ತದೆ. ‘ಹಣ ಬಂತು, ಆದರೆ ಕೆಲಸ ಶುರುವಾಗಲಿಲ್ಲ’ ಎಂದಾಗ ಹಣ ಬಂದದ್ದೂ ಒಂದು ಸುದ್ದಿಯೇ. ಓದುವವರಿಗೆ ಮೊದಲ ಸಂಗತಿ ಆಗಲೇ ಗೊತ್ತಿದ್ದರೆ ‘ರೂ’ ಉಳಿಸಿ. ಹೊಸದಾಗಿದ್ದರೆ ವಾಕ್ಯ ಮುಗಿಸಿ ‘ಆದರೆ’ ಉಳಿಸಿ. ಮೊದಲ ಮಾತು ಹತ್ತು ಹನ್ನೆರಡು ಪದ ದಾಟಿ ಬೆಳೆದಿದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಜೋಡಿ ಕೊಂಡಿ ಹೆಚ್ಚಾಗಿ ಹುಟ್ಟುವುದು ಉದ್ದ ವಾಕ್ಯಗಳಲ್ಲೇ. ‘ರೂ’ ಬರೆದದ್ದು ಮರೆತುಹೋಗುತ್ತದೆ, ಅಥವಾ ಓದುಗ ಮರೆತಿರಬಹುದು ಎಂಬ ಅಳುಕಿನಿಂದ ಕೈ ಮತ್ತೊಂದು ಕೊಂಡಿ ಹಾಕುತ್ತದೆ.

ಕಾರಣದ ಮಾತುಗಳಲ್ಲಿ ಇನ್ನೊಂದು ಬಗೆಯ ಜೋಡಿ ಇದೆ, ಅದು ಅಚ್ಚಾದ ಬರಹಗಳಲ್ಲೂ ನುಸುಳುತ್ತದೆ: ‘ಅವನು ಬರಲಿಲ್ಲ, ಏಕೆಂದರೆ ಜ್ವರ ಬಂದಿದ್ದರಿಂದ.’ ಇದನ್ನು ಸಮರ್ಥಿಸುವವರಿದ್ದಾರೆ, ಅವರ ವಾದದಲ್ಲಿ ಹುರುಳೂ ಇದೆ. ‘ಏಕೆಂದರೆ’ ಎಂದರೆ ‘ಏಕೆ ಎಂದರೆ’. ಏಕೆ ಬರಲಿಲ್ಲ ಎಂದು ಯಾರಾದರೂ ಕೇಳಿದರೆ ನಾವು ‘ಜ್ವರ ಬಂದಿದ್ದರಿಂದ’ ಎಂದೇ ಉತ್ತರಿಸುತ್ತೇವಲ್ಲ? ಎದುರಿಗೆ ಕುಳಿತ ಮಾತುಕತೆಯಲ್ಲಿ ಇದು ನಡೆಯುತ್ತದೆ, ಉಳಿದರ್ಧ ವಾಕ್ಯವನ್ನು ಕೇಳಿದವರ ಪ್ರಶ್ನೆಯೇ ಪೂರೈಸುತ್ತದೆ. ಬರಹದಲ್ಲಿ ಮಾತ್ರ ‘ಬಂದಿದ್ದರಿಂದ’ ಎಂಬುದರ ಮುಂದೆ ಏನೋ ಬರಲಿದೆ ಎಂದು ಓದುಗ ಕಾಯುತ್ತಾನೆ, ಸಿಗುವುದು ಪೂರ್ಣವಿರಾಮ. ನಾನು ಇದನ್ನು ಯಾವಾಗಲೂ ತಿದ್ದುತ್ತೇನೆ. ‘ಏಕೆಂದರೆ’ ಉಳಿಸಿದರೆ ಮುಂದಿನ ಕ್ರಿಯಾಪದವನ್ನು ಪೂರ್ಣಗೊಳಿಸಿ: ‘ಅವನು ಬರಲಿಲ್ಲ, ಏಕೆಂದರೆ ಜ್ವರ ಬಂದಿತ್ತು.’ ‘ರಿಂದ’ ಉಳಿಸಿದರೆ ಕಾರಣವನ್ನು ಮುಂದಕ್ಕೆ ತನ್ನಿ: ‘ಜ್ವರ ಬಂದಿದ್ದರಿಂದ ಅವನು ಬರಲಿಲ್ಲ.’ ಕನ್ನಡಕ್ಕೆ ಹೆಚ್ಚು ಒಗ್ಗುವುದು ಈ ಎರಡನೆಯದು.

ಈಗ ಒಂದು ಇಡೀ ವಾಕ್ಯವನ್ನು ತಿದ್ದೋಣ. ವರದಿಗಳಲ್ಲಿ ಸಿಗುವಂಥ ವಾಕ್ಯವನ್ನೇ ತೆಗೆದುಕೊಂಡಿದ್ದೇನೆ:

‘ಸಾಮಗ್ರಿಗಳು ನಿಗದಿತ ದಿನವೇ ತಲುಪಿದ್ದರೂ ಸಹ, ಆದರೆ ಅವುಗಳಲ್ಲಿ ಕೆಲವು ಒಡೆದುಹೋಗಿದ್ದರಿಂದ, ಆದ್ದರಿಂದ ಕೆಲಸವನ್ನು ಆರಂಭಿಸಲು ಸಾಧ್ಯವಾಗಲಿಲ್ಲ, ಏಕೆಂದರೆ ಹೊಸ ಸಾಮಗ್ರಿಗಳು ಬರಬೇಕಾಗಿದ್ದುದರಿಂದ.’

ಮೊದಲು ಸಂಗತಿಗಳನ್ನು ಎಣಿಸಿ: ತಲುಪಿದವು, ಕೆಲವು ಒಡೆದಿದ್ದವು, ಆರಂಭವಾಗಲಿಲ್ಲ, ಹೊಸವು ಬರಬೇಕಿತ್ತು. ನಾಲ್ಕು ಸಂಗತಿಗಳನ್ನು ಒಂದೇ ವಾಕ್ಯದಲ್ಲಿ ಕಟ್ಟಲು ಮೂರು ಕೊಂಡಿಗಳು ಸಾಕು. ಇಲ್ಲಿ ಆರಿವೆ: ರೂ, ಆದರೆ, ರಿಂದ, ಆದ್ದರಿಂದ, ಏಕೆಂದರೆ, ಮತ್ತೆ ರಿಂದ. ‘ರೂ’ ಜೊತೆ ಬಂದಿರುವ ‘ಸಹ’ವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದು ‘ಊ’ವಿನ ಮೇಲೆ ಇನ್ನೊಂದು ಒತ್ತು, ತಪ್ಪು ಎನ್ನಲಾರೆ, ಬೇಕಾಗಿಯೂ ಇಲ್ಲ.

ಸ್ವತಂತ್ರ ಪದಗಳನ್ನಷ್ಟೇ ಅಳಿಸಿ ಪ್ರತ್ಯಯಗಳನ್ನು ಹಾಗೇ ಬಿಟ್ಟರೆ ಮೊದಲ ಮುಕ್ಕಾಲು ಭಾಗ ಸರಿಹೋಗುತ್ತದೆ: ‘ಸಾಮಗ್ರಿಗಳು ನಿಗದಿತ ದಿನವೇ ತಲುಪಿದ್ದರೂ ಅವುಗಳಲ್ಲಿ ಕೆಲವು ಒಡೆದುಹೋಗಿದ್ದರಿಂದ ಕೆಲಸವನ್ನು ಆರಂಭಿಸಲು ಸಾಧ್ಯವಾಗಲಿಲ್ಲ’. ಬಾಲ ಮಾತ್ರ ತೂಗಾಡುತ್ತಲೇ ಉಳಿಯುತ್ತದೆ: ‘ಹೊಸ ಸಾಮಗ್ರಿಗಳು ಬರಬೇಕಾಗಿದ್ದುದರಿಂದ’. ಅಳಿಸುವುದರಿಂದ ಎಲ್ಲವೂ ಸರಿಹೋಗುವುದಿಲ್ಲ ಎಂಬುದು ಇಲ್ಲಿ ಕಾಣುತ್ತದೆ. ಆ ಸಂಗತಿಯ ಜಾಗವನ್ನೇ ಬದಲಿಸಬೇಕು. ಕೆಲಸ ನಿಂತದ್ದಕ್ಕೆ ಹತ್ತಿರದ ಕಾರಣ ಹೊಸವು ಬರಬೇಕಾಗಿದ್ದದ್ದು, ಒಡೆದದ್ದು ಅದಕ್ಕೂ ಹಿಂದಿನದು. ಆ ಕ್ರಮದಲ್ಲೇ ಬರೆದರೆ:

‘ಸಾಮಗ್ರಿಗಳು ನಿಗದಿತ ದಿನವೇ ತಲುಪಿದವು. ಆದರೆ ಅವುಗಳಲ್ಲಿ ಕೆಲವು ಒಡೆದುಹೋಗಿದ್ದವು. ಹೊಸವು ಬರಬೇಕಾಗಿದ್ದುದರಿಂದ ಕೆಲಸವನ್ನು ಆರಂಭಿಸಲು ಸಾಧ್ಯವಾಗಲಿಲ್ಲ.’

ಉಳಿದ ಕೊಂಡಿಗಳು ಎರಡೇ. ಎರಡನೆಯ ಮತ್ತು ಮೂರನೆಯ ವಾಕ್ಯಗಳ ನಡುವೆ ಏನೂ ಇಲ್ಲ, ‘ಹೊಸವು’ ಎಂಬ ಪದವೇ ಹಿಂದಿನದನ್ನು ಹಿಡಿದುಕೊಂಡಿದೆ.

ಎರಡು ಕೊಂಡಿ ಕಂಡಲ್ಲೆಲ್ಲ ಕತ್ತರಿ ಹಾಕಬೇಡಿ ಎಂದೂ ಹೇಳಬೇಕು. ‘ಮಳೆ ಬಂದರೂ ಪಂದ್ಯ ನಡೆಯಿತು, ಆದರೆ ಪ್ರೇಕ್ಷಕರು ಬರಲಿಲ್ಲ’ ಎಂಬುದರಲ್ಲಿ ‘ರೂ’ ಮತ್ತು ‘ಆದರೆ’ ಎರಡೂ ಇವೆ, ಎರಡೂ ಬೇಕು. ಸಂಗತಿಗಳು ಮೂರಿವೆ, ‘ಆದರೆ’ಯ ಎಡಕ್ಕೆ ‘ನಡೆಯಿತು’ ಎಂಬ ಪೂರ್ಣ ಕ್ರಿಯಾಪದವಿದೆ. ‘ಒಂದು ವೇಳೆ ತಡವಾದರೆ ಕಾಯಬೇಡಿ’, ‘ಎಷ್ಟು ಓದಿದರೂ ನೆನಪಿರುವುದಿಲ್ಲ’ ಎಂಬಲ್ಲಿಯೂ ದೋಷವಿಲ್ಲ. ‘ಒಂದು ವೇಳೆ’ ಏನನ್ನೂ ಜೋಡಿಸುವುದಿಲ್ಲ, ಮುಂದೆ ‘ರೆ’ ಬರಲಿದೆ ಎಂಬ ಸೂಚನೆ ಕೊಡುತ್ತದೆ; ‘ಎಷ್ಟು’ ಅಳತೆಯ ಮಾತು.

ಇನ್ನು ಇಂಗ್ಲಿಷಿನ ವಿಷಯ. ತಪ್ಪಿನ ಬೇರು ಒಂದೇ, ದಿಕ್ಕು ಬೇರೆ ಎಂಬುದು ನನ್ನ ಅಭಿಪ್ರಾಯ. ಕನ್ನಡದ ‘ರೂ’, ‘ರಿಂದ’ ಮೊದಲ ಮಾತಿನ ತುದಿಯಲ್ಲಿ, ಅಂದರೆ ಎರಡು ಮಾತುಗಳ ನಡುವೆ ಕೂರುತ್ತವೆ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವ ಆಲ್ದೋ, ಬಿಕಾಸ್ ಆ ಮಾತಿನ ತಲೆಯಲ್ಲಿರುತ್ತವೆ. ಅದೇ ಮಾತು ಮೊದಲು ಬಂದಾಗ ನಡುವೆ ಉಳಿಯುವುದು ಒಂದು ಅಲ್ಪವಿರಾಮ ಮಾತ್ರ. ನಡುವೆ ಕೊಂಡಿ ಕೇಳುವ ಅಭ್ಯಾಸವಿರುವ ನಮಗೆ ಆ ಜಾಗ ಬರಿದಾಗಿ ಕಾಣುತ್ತದೆ, ಬಟ್ ಅಥವಾ ಸೋ ತುಂಬಿಬಿಡುತ್ತೇವೆ. ಕನ್ನಡದಲ್ಲಿ ‘ಏಕೆಂದರೆ’ ಎಂದು ಮುಂದೆಯೇ ಕೊಂಡಿ ಹಾಕಿದಾಗಲೂ ತುದಿಯಲ್ಲಿ ‘ರಿಂದ’ ಬರುವುದು ಇದೇ ಅಭ್ಯಾಸದಿಂದ.

ಜೋಡಿ ಕೊಂಡಿ ಎಲ್ಲ ಭಾಷೆಗಳಲ್ಲೂ ತಪ್ಪೇನಲ್ಲ. ಸಂಸ್ಕೃತದಲ್ಲಿ ‘ಯದ್ಯಪಿ’ಗೆ ‘ತಥಾಪಿ’ ಜೊತೆಗಾರ, ಹಿಂದಿಯಲ್ಲಿ ‘ಚೂಂಕಿ’ಗೆ ‘ಇಸಲಿಯೇ’. ಚೀನೀ ಭಾಷೆಯಲ್ಲೂ ಇಂಥ ಜೋಡಿಗಳು ಸಹಜ, ಹಾಗಾಗಿ ಆ ಭಾಷೆಯವರೂ ಇಂಗ್ಲಿಷ್ ಕಲಿಯುವಾಗ ನಿಮ್ಮಂತೆಯೇ ತಪ್ಪುತ್ತಾರೆ. ಇಂದಿನ ಇಂಗ್ಲಿಷ್ ಬರಹ ಆಲ್ದೋ ಜೊತೆ ಬಟ್ ಒಪ್ಪುವುದಿಲ್ಲವಾದರೂ ಸ್ಟಿಲ್ ಅಥವಾ ಯೆಟ್ ಒಪ್ಪುತ್ತದೆ. ಅಲ್ಲಿ ಅವು ಕೊಂಡಿಗಳಲ್ಲ, ‘ಹಾಗಿದ್ದೂ’ ಎಂಬ ಅರ್ಥದ ಕ್ರಿಯಾವಿಶೇಷಣಗಳು. ನಡುವಿನ ಜಾಗ ಬರಿದಾಗಿ ಕಂಡು ಕೈ ತಡೆಯದಿದ್ದರೆ ಬಟ್ ಬದಲು ಸ್ಟಿಲ್ ಹಾಕಿ. ಬಿಕಾಸ್ ಜೊತೆಗೆ ಇಂಥ ಅನುಕೂಲವಿಲ್ಲ. ಅಲ್ಲಿ ಸೋ ಅಳಿಸಿ ಅಲ್ಪವಿರಾಮವನ್ನು ಹಾಗೆಯೇ ಬಿಡಿ.